ಎ ಎಂದರೆ ಆ ಆಗಿದ್ದ ಕಾಲ

ಇಟಲಿಯ ಮಗು ರೋಮನ್ ಲಿಪಿಯ ಐದು ಸ್ವರಗಳನ್ನು ಆ, ಏ, ಈ, ಓ, ಊ ಎಂದು ಓದುತ್ತದೆ. ಜರ್ಮನಿಯ ಮಗುವೂ ಹಾಗೆಯೇ ಓದುತ್ತದೆ. ಅದೇ ಐದು ಅಕ್ಷರಗಳನ್ನು ಇಂಗ್ಲೆಂಡಿನ ಮಗುವಿನ ಮುಂದಿಟ್ಟರೆ ಎ, ಇ, ಐ, ಓ, ಯು ಎನ್ನುತ್ತದೆ. ನಾವೂ ಇಂಗ್ಲಿಷನ್ನು ಇಂಗ್ಲೆಂಡಿನಿಂದಲೇ ಕಲಿತದ್ದರಿಂದ ಅದನ್ನೇ ಬಾಯಿಪಾಠ ಮಾಡಿದ್ದೇವೆ. ಎರಡು ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಇಂಗ್ಲಿಷಿನವರು ಮೊದಲ ಅಕ್ಷರಕ್ಕೆ ಇಟ್ಟುಕೊಂಡ ಹೆಸರು ಉಳಿದವರಲ್ಲಿ ಎರಡನೆಯದರ ಹೆಸರು. ಎರಡನೆಯದಕ್ಕೆ ಇಟ್ಟುಕೊಂಡದ್ದು ಉಳಿದವರಲ್ಲಿ ಮೂರನೆಯದರ ಹೆಸರು. ಮೂರನೆಯದಕ್ಕೆ ಹೆಸರೇ ಸಾಲದೆ ಐ ಎಂಬ ಜೋಡಿ ಸ್ವರವನ್ನು ತರಬೇಕಾಗಿದೆ.

ಆರು ನೂರು ವರ್ಷಗಳ ಹಿಂದೆ ಇಂಗ್ಲಿಷಿನಲ್ಲೂ ಈ ಅಕ್ಷರಗಳು ಆ, ಏ, ಈ ಎಂದೇ ಇದ್ದವು. ಯಾರೂ ಸಭೆ ಸೇರಿ ಹೆಸರು ಬದಲಿಸಲಿಲ್ಲ. ಭಾಷೆಯ ದೀರ್ಘ ಸ್ವರಗಳೆಲ್ಲ ಬಾಯೊಳಗೆ ಜಾಗ ಬಿಟ್ಟು ಸರಿದವು. ಅಕ್ಷರದ ಹೆಸರೂ ಒಂದು ದೀರ್ಘ ಸ್ವರವೇ ಆದ್ದರಿಂದ ಅದೂ ಜೊತೆಗೇ ಸರಿಯಿತು. ಕಾಗದದ ಮೇಲಿನ ಅಕ್ಷರ ಮಾತ್ರ ಇದ್ದಲ್ಲೇ ಉಳಿಯಿತು. (ಕೊನೆಯ ಯು ಈ ಗುಂಪಿನದಲ್ಲ, ಅದು ಫ್ರೆಂಚಿನ ಬೇರೊಂದು ಸ್ವರದಿಂದ ಬಂದ ಹೆಸರು.) ಸುಮಾರು 1400ರಿಂದ 1700ರವರೆಗೆ ನಡೆದ ಈ ಬದಲಾವಣೆಗೆ ಡೆನ್ಮಾರ್ಕಿನ ವಿದ್ವಾಂಸ ಒಟ್ಟೊ ಯೆಸ್ಪರ್ಸನ್ 1909ರಲ್ಲಿ ಗ್ರೇಟ್ ವಾವೆಲ್ ಶಿಫ್ಟ್ ಎಂದು ಹೆಸರಿಟ್ಟ. ನಾವು ಮಹಾ ಸ್ವರಪಲ್ಲಟ ಎನ್ನೋಣ.

ಇದನ್ನು ವಿವರಿಸುವಾಗ ಕನ್ನಡ ಲಿಪಿಯಲ್ಲಿ ಬರೆಯುವವನಿಗೆ ಇಂಗ್ಲಿಷಿನವನಿಗಿಲ್ಲದ ಒಂದು ಅನುಕೂಲವಿದೆ. ಅವನ ಅಕ್ಷರಕ್ಕೂ ಉಚ್ಚಾರಕ್ಕೂ ಈಗ ಮಾತುಕತೆ ಇಲ್ಲ, ಹಾಗಾಗಿ ಹಳೆಯ ಉಚ್ಚಾರ ತೋರಿಸಲು ಬೇರೆ ಚಿಹ್ನೆಗಳನ್ನು ಹುಡುಕಬೇಕು. ನಮಗೆ ಹ್ರಸ್ವ, ದೀರ್ಘ ಎರಡೂ ಕೈಯಲ್ಲಿವೆ. ಎನ್-ಎ-ಎಂ-ಇ ಎಂಬ ಪದವನ್ನು ನಾವು ನೇಮ್ ಎನ್ನುತ್ತೇವೆ. 1300ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಅದು ಹೆಚ್ಚುಕಡಿಮೆ ನಾಮ. ಕೊನೆಯ ಇ ಆಗ ಮೂಕ ಅಕ್ಷರವಾಗಿರಲಿಲ್ಲ, ಅದಕ್ಕೊಂದು ಮೆಲ್ಲನೆಯ ಸ್ವರವಿತ್ತು. ಸಂಸ್ಕೃತದ ನಾಮಕ್ಕೂ ಇದಕ್ಕೂ ದೂರದ ನೆಂಟಸ್ತನ ನಿಜವಾಗಿಯೂ ಇದೆ. ಹಾಗೆಯೇ ಮೌಸ್ ಆಗ ಮೂಸ್, ನಮ್ಮ ಮೂಷಕದ ದಾಯಾದಿ. ಹುಬ್ಬಿಗೆ ಹೇಳುವ ಬ್ರೌ ಆಗ ಬ್ರೂ, ಸಂಸ್ಕೃತದ ಭ್ರೂ. ಪಲ್ಲಟ ಈ ನೆಂಟಸ್ತನಗಳನ್ನೆಲ್ಲ ಮರೆಮಾಡಿದೆ. ಒಂದು ಕಡೆ ಮಾತ್ರ ಅದು ಸುಳ್ಳು ಸಾಕ್ಷ್ಯ ಹುಟ್ಟಿಸಿದೆ. ಕೌ ಮತ್ತು ಗೌ ಎಷ್ಟು ಹತ್ತಿರ ನೋಡಿ ಎಂದು ಭಾಷಣಗಳಲ್ಲಿ ಹೇಳುವವರಿದ್ದಾರೆ. ಪದಗಳು ನೆಂಟರೇ ಹೌದು. ಆದರೆ ಆ ಔಕಾರದ ಹೋಲಿಕೆ ಆಕಸ್ಮಿಕ. ಸಾವಿರ ವರ್ಷದ ಹಿಂದೆ ಇಂಗ್ಲಿಷಿನ ಹಸು ಕೂ ಆಗಿತ್ತು.

ಈಗ ಪೂರ್ತಿ ಸಾಲನ್ನು ನೋಡೋಣ. 1400ರ ಸುಮಾರಿಗೆ ಲಂಡನ್ನಿನ ಮಾತಿನಲ್ಲಿ ಏಳು ದೀರ್ಘ ಸ್ವರಗಳಿದ್ದವು. ನಮ್ಮ ಬರಹದಲ್ಲಿರುವುದು ಆ, ಈ, ಊ, ಏ, ಓ ಐದೇ. ಉಳಿದ ಎರಡಕ್ಕೆ ಹೊರಗೆ ಹೋಗಬೇಕಿಲ್ಲ, ನಮ್ಮ ಹಳ್ಳಿಗಳ ಮಾತೇ ಸಾಕು. ಪೇಟೆ ಎಂದು ಬರೆದು ಪ್ಯಾಟೆ ಎನ್ನುತ್ತೇವಲ್ಲ, ಅಲ್ಲಿ ಬಾಯಿ ಹೆಚ್ಚು ತೆರೆದು ಹೊರಡುವ ಏಕಾರಕ್ಕೆ ಹತ್ತಿರದ್ದು ಒಂದು. ಕೋಟೆಯನ್ನು ಕ್ವಾಟೆ ಎನ್ನುವಾಗ ಕೇಳುವ ಅಗಲ ಬಾಯಿಯ ಓಕಾರಕ್ಕೆ ಹತ್ತಿರದ್ದು ಇನ್ನೊಂದು. ಇಂಗ್ಲಿಷಿನಲ್ಲಿ ಇವೆರಡೂ ಸ್ವತಂತ್ರ ಸ್ವರಗಳಾಗಿದ್ದವು. ಭೇಟಿಯಾಗು ಎಂಬ ಅರ್ಥದ, ಇ-ಇ ಬರುವ ಮೀಟ್‌ನಲ್ಲಿ ಪೇಟೆಯ ಏ ಇತ್ತು. ಮಾಂಸ ಎಂಬ ಅರ್ಥದ, ಇ-ಎ ಬರುವ ಮೀಟ್‌ನಲ್ಲಿ ಪ್ಯಾಟೆಯದು. ಕಾಲಿಗೆ ಹಾಕುವ, ಓ-ಓ ಬರುವ ಬೂಟಿನಲ್ಲಿ ಕೋಟೆಯ ಓ. ಓ-ಎ ಬರುವ ಬೋಟ್‌ನಲ್ಲಿ ಕ್ವಾಟೆಯದು. ಟೈಮ್‌ನಲ್ಲಿ ಈ, ಮೌಸ್‌ನಲ್ಲಿ ಊ, ನೇಮ್‌ನಲ್ಲಿ ಆ. ಬರಹದಲ್ಲಿ ಮುಂದೆ ನೆಲೆಗೊಂಡ ಇ-ಇ, ಇ-ಎ, ಓ-ಓ, ಓ-ಎ ಎಂಬ ನಾಲ್ಕು ಜೋಡಿಗಳು ಒಂದೊಂದೂ ಒಂದೊಂದು ಬೇರೆ ಸ್ವರಕ್ಕೆ ನಿಂತಿದ್ದವು. ಈಗ ಕಾರಣವಿಲ್ಲದ ಕಾಟದಂತೆ ಕಾಣುವ ಸ್ಪೆಲಿಂಗು ಶುರುವಾದದ್ದು ಇಷ್ಟು ಕರಾರುವಾಕ್ಕಾಗಿ.

ಆಮೇಲೆ ನಡೆದದ್ದನ್ನು ಒಂದೇ ವಾಕ್ಯದಲ್ಲಿ ಹೇಳಬಹುದು. ದೀರ್ಘ ಸ್ವರ ನುಡಿಯುವಾಗ ನಾಲಿಗೆ ಇರುತ್ತಿದ್ದ ಎತ್ತರ ಒಂದೊಂದು ಹಂತ ಏರಿತು, ಆಗಲೇ ತುದಿಯಲ್ಲಿದ್ದ ಎರಡು ಸ್ವರಗಳು ಏರಲು ಜಾಗವಿಲ್ಲದೆ ಒಡೆದು ಜೋಡಿಸ್ವರಗಳಾದವು. ಆ, ಏ, ಈ ಎಂದು ಒಂದೇ ಉಸಿರಿನಲ್ಲಿ ಹೇಳಿ ನೋಡಿ. ದವಡೆ ಮುಚ್ಚುತ್ತಾ ನಾಲಿಗೆ ಅಂಗುಳದ ಕಡೆಗೆ ಏರುವುದು ತಿಳಿಯುತ್ತದೆ. ಈ ಹತ್ತಿರ ಬಂದಾಗ ಇನ್ನಷ್ಟು ಏರಿಸಿದರೆ ಸ್ವರವೇ ಉಳಿಯದು, ಯಕಾರದ ಸದ್ದಾಗುತ್ತದೆ. ಹಾಗಾಗಿ ಟೀಮ್ ಎಂಬುದು ಮೊದಲು ಟೆಯ್ಮ್ ಆಯಿತು, ಬಾಯಿ ಅಗಲವಾಗುತ್ತಾ ಕೊನೆಗೆ ಟೈಮ್ ಆಯಿತು. ಹಿಂದಿನ ಸಾಲಿನಲ್ಲಿ ಮೂಸ್ ಎಂಬುದು ಮೊವ್ಸ್ ಆಗಿ ಮೌಸ್ ಆಯಿತು. ತೆರವಾದ ಈಕಾರದ ಜಾಗಕ್ಕೆ ಮೇಟ್ ಎನ್ನುತ್ತಿದ್ದ ಪದ ಮೀಟ್ ಆಗಿ ಬಂತು, ಊ ಜಾಗಕ್ಕೆ ಬೋಟ್ ಎನ್ನುತ್ತಿದ್ದದ್ದು ಬೂಟ್ ಆಗಿ ಬಂತು. ಅವುಗಳ ಕೆಳಗಿದ್ದವೂ ನಿಧಾನವಾಗಿ ಏರಿದವು.

ತೆರವಾದ ಜಾಗಕ್ಕೆ ಎಂದೆ. ಆದರೆ ಜಾಗ ಮೊದಲು ತೆರವಾಯಿತೋ ಅಥವಾ ಕೆಳಗಿನವರು ಏರಿ ಬಂದು ಮೇಲಿನವರನ್ನು ಎಬ್ಬಿಸಿದರೋ? ಪಂಕ್ತಿಯಲ್ಲಿ ಕೂತವರು ಒಂದೊಂದು ಎಲೆ ಸರಿಯುವುದು ಎರಡು ಕಾರಣಕ್ಕೆ. ತುದಿಯವನು ಎದ್ದು ಹೋದರೆ ಪಕ್ಕದವರು ಸರಿದು ಕೂರುತ್ತಾರೆ, ಅಥವಾ ನಡುವೆ ಒಬ್ಬ ಒತ್ತರಿಸಿ ಬಂದರೆ ತುದಿಯವನು ಏಳಲೇಬೇಕಾಗುತ್ತದೆ. ಊಟ ಮುಗಿದ ಮೇಲೆ ಬಂದು ನೋಡಿದವನಿಗೆ ಎರಡೂ ಒಂದೇ ತರಹ ಕಾಣುತ್ತವೆ. ಭಾಷಾವಿಜ್ಞಾನಿಗಳು ನೂರು ವರ್ಷಕ್ಕೂ ಹೆಚ್ಚು ಕಾಲ ಚರ್ಚಿಸುತ್ತಿರುವುದು ಇದನ್ನೇ. ಈ ಚರ್ಚೆಯಲ್ಲಿ ಅತ್ಯಂತ ಚಂದದ ತರ್ಕ ಎಂದು ನನಗೆ ಅನ್ನಿಸುವುದು ಆಸ್ಟ್ರಿಯಾದ ಕಾರ್ಲ್ ಲೂಯಿಕ್ 1896ರಲ್ಲಿ ಮುಂದಿಟ್ಟದ್ದು.

ಲೂಯಿಕ್ ಲಂಡನ್ ಬಿಟ್ಟು ಉತ್ತರಕ್ಕೆ ನೋಡಿದ. ಸ್ಕಾಟ್ಲೆಂಡಿನಲ್ಲೂ ಇಂಗ್ಲೆಂಡಿನ ಉತ್ತರದ ತುದಿಯಲ್ಲೂ ಹಳಬರ ಮಾತಿನಲ್ಲಿ ಇಲಿ ಇವತ್ತಿಗೂ ಮೂಸ್, ಹಸು ಕೂ, ಊರು ಟೂನ್, ಕೆಳಗೆ ಎಂಬುದು ಡೂನ್. ಅಂದರೆ ಅಲ್ಲಿ ಊ ಕದಲಲೇ ಇಲ್ಲ. ಆದರೆ ಅದೇ ಜನರ ಬಾಯಲ್ಲಿ ಈ ಮಾತ್ರ ಒಡೆದಿದೆ, ಟೈಮ್ ಅಲ್ಲೂ ಟೀಮ್ ಆಗಿ ಉಳಿದಿಲ್ಲ. ನಾಲಿಗೆಯ ಮುಂದಿನ ಸಾಲಿನಲ್ಲಿ ಪಲ್ಲಟ ನಡೆದಿದೆ, ಹಿಂದಿನ ಸಾಲಿನ ತುದಿಯಲ್ಲಿ ನಡೆದಿಲ್ಲ. ಯಾಕೆ?

ಉತ್ತರ ಊ ಕೆಳಗಿನ ಓ ಹತ್ತಿರ ಸಿಕ್ಕಿತು. ಉತ್ತರದ ಆ ನಾಡಿನಲ್ಲಿ ಪಲ್ಲಟ ಶುರುವಾಗುವ ಎಷ್ಟೋ ಮೊದಲೇ, ಸುಮಾರು 1300ರ ಹೊತ್ತಿಗೆ, ಓ ತನ್ನ ಸಾಲು ಬಿಟ್ಟು ನಾಲಿಗೆಯ ಮುಂಭಾಗಕ್ಕೆ ಹೋಗಿಬಿಟ್ಟಿತ್ತು. ತುಟಿಗಳನ್ನು ಓ ಎನ್ನುವಂತೆ ದುಂಡಗೆ ಮಾಡಿಕೊಂಡು ಏ ಎಂದರೆ ಬರುವ ಸದ್ದಿಗೆ ಹತ್ತಿರದ್ದು ಅದು, ನಮ್ಮ ಲಿಪಿಯಲ್ಲಿ ಅದಕ್ಕೆ ಅಕ್ಷರವಿಲ್ಲ. ಗುಡ್ ಎಂಬುದನ್ನು ಸ್ಕಾಟರು ಜಿ-ಯು-ಐ-ಡಿ ಎಂದು ಬರೆಯುವುದು ಆ ಹಳೆಯ ಸರಿದಾಟದ ಗುರುತು. ಹೀಗೆ ಅಲ್ಲಿ ಊ ಕೆಳಗೆ ಅದನ್ನು ತಳ್ಳಲು ಯಾರೂ ಇರಲಿಲ್ಲ. ತಳ್ಳುವವರಿಲ್ಲದ ಕಡೆ ಊ ಕೂತಲ್ಲೇ ಕೂತಿತು. ದಕ್ಷಿಣದಲ್ಲಿ ಓ ತನ್ನ ಜಾಗದಲ್ಲಿತ್ತು, ಏರಿತು, ಊ ಎದ್ದು ಔ ಆಗಬೇಕಾಯಿತು. ಊ ತನ್ನಷ್ಟಕ್ಕೆ ಎದ್ದು ಹೋಗುವ ಸ್ವಭಾವದ್ದಾಗಿದ್ದರೆ ಉತ್ತರದಲ್ಲೂ ಎದ್ದು ಹೋಗಬೇಕಿತ್ತಲ್ಲವೇ? ಆದ್ದರಿಂದ ಮೇಲಿನ ಅರ್ಧದಲ್ಲಿ ನಡೆದದ್ದು ತಳ್ಳಾಟ ಎಂದು ಲೂಯಿಕ್ ತೀರ್ಮಾನಿಸಿದ. ಯೆಸ್ಪರ್ಸನ್ ಇದನ್ನು ಒಪ್ಪದೆ ತುದಿಯವರೇ ಮೊದಲು ಎದ್ದರು ಎಂದ. ಪ್ರಯೋಗಶಾಲೆ ಕಟ್ಟಲು ಸಾಧ್ಯವಿಲ್ಲದ ವಿಷಯದಲ್ಲಿ ಚರಿತ್ರೆಯೇ ಒಂದು ಪ್ರಯೋಗ ಮಾಡಿಟ್ಟದ್ದನ್ನು ಲೂಯಿಕ್ ಗುರುತಿಸಿದ ಎಂಬ ಕಾರಣಕ್ಕೆ ನನ್ನ ಮತ ಅವನ ಕಡೆಗೆ. ಆದರೆ ಅದು ಮೇಲಿನ ಅರ್ಧಕ್ಕೆ ಮಾತ್ರ. ಕೆಳಗಿನ ಆ ಏರಿದ್ದು ಬಹಳ ತಡವಾಗಿ, ಮೇಲೆ ಜಾಗ ಬಿಟ್ಟ ಮೇಲೆ. 1988ರಲ್ಲಿ ರಾಬರ್ಟ್ ಸ್ಟಾಕ್‌ವೆಲ್ ಮತ್ತು ಡೊಂಕಾ ಮಿಂಕೋವಾ ಇದು ಒಂದೇ ಘಟನೆ ಎಂಬುದನ್ನೇ ಪ್ರಶ್ನಿಸಿದರು. ಬೇರೆ ಬೇರೆ ಕಾಲದ ಸಣ್ಣ ಬದಲಾವಣೆಗಳನ್ನು ನಾವು ಹಿಂದಿನಿಂದ ಪೋಣಿಸಿ ಮಹಾ ಎಂದು ಕರೆಯುತ್ತಿದ್ದೇವೆ ಎಂಬುದು ಅವರ ವಾದ. ಮೊದಲ ತಳ್ಳು ಎಲ್ಲಿಂದ ಬಂತು ಎಂಬುದಕ್ಕೂ ಒಮ್ಮತವಿಲ್ಲ. 1348ರ ಮಹಾಮಾರಿಯ ನಂತರ ಬೇರೆ ಬೇರೆ ಸೀಮೆಯವರು ಲಂಡನ್ನಿಗೆ ಬಂದು ಸೇರಿ ಉಚ್ಚಾರಗಳು ಬೆರೆತವು ಎಂಬ ವಿವರಣೆಯನ್ನು ಹಲವರು ಕೊಡುತ್ತಾರೆ.

ಧ್ವನಿಮುದ್ರಣವಿಲ್ಲದ ಕಾಲದ ಉಚ್ಚಾರ ಗೊತ್ತಾಗುವುದು ಹೇಗೆ ಎಂಬ ಸಂಶಯ ಸಹಜ. ಕವಿಗಳ ಪ್ರಾಸ ಒಂದು ಸಾಕ್ಷಿ. ಸ್ಪೆಲಿಂಗ್ ಗೊತ್ತಿಲ್ಲದೆ ಕೇಳಿದಂತೆ ಬರೆದವರ ಕಾಗದಪತ್ರಗಳು ಇನ್ನೊಂದು. ಇವೆರಡಕ್ಕಿಂತ ಸ್ವಾರಸ್ಯದ್ದು ಬೇರೆ ಭಾಷೆಯವನೊಬ್ಬ ತನ್ನ ಲಿಪಿಪದ್ಧತಿಯಲ್ಲಿ ಬರೆದುಕೊಂಡ ಇಂಗ್ಲಿಷ್. ಸುಮಾರು 1470ರಲ್ಲಿ ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದ ವೇಲ್ಸ್ ನಾಡಿನ ಇವಾನ್ ಅಪ್ ಹವೆಲ್ ಸ್ವರ್ದ್ವಾಲ್ ಎಂಬ ಕವಿ ಕನ್ಯೆ ಮೇರಿಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸ್ತೋತ್ರ ಕಟ್ಟಿದ. ಛಂದಸ್ಸು ವೆಲ್ಷ್ ಭಾಷೆಯದು, ಅಕ್ಷರಗಳ ಬಳಕೆಯೂ ವೆಲ್ಷ್ ಪದ್ಧತಿಯದು. ವೆಲ್ಷ್ ಬರಹ ಕನ್ನಡದ ಹಾಗೆ, ಹೆಚ್ಚುಕಡಿಮೆ ನುಡಿದಂತೆ ಬರೆಯುವುದು. ಅದರಲ್ಲಿ ಡಬ್ಲ್ಯು ಕೂಡ ಸ್ವರ, ಊ ಎಂದು ಓದಬೇಕು.

ಆ ಸ್ತೋತ್ರದ ಬಿಡಿ ಪದಗಳನ್ನು ನೋಡಿದರೆ ಪಲ್ಲಟದ ನಡುವಿನ ಒಂದು ದಿನ ಕಾಣುತ್ತದೆ. ಟು ಎಂಬುದನ್ನು ಅವನು ಟಿ-ಡಬ್ಲ್ಯು ಎಂದು ಬರೆಯುತ್ತಾನೆ. ಅಂದರೆ ಹಿಂದೆ ಟೋ ಆಗಿದ್ದದ್ದು ಆಗಲೇ ಟೂ ಆಗಿತ್ತು. ಅಬೈಡಿಂಗ್ ಎಂಬುದರ ನಡುವೆ ಇ-ಐ ಎಂದು ಎರಡು ಸ್ವರ ಬರೆಯುತ್ತಾನೆ, ಅಂದರೆ ಈ ಒಡೆದು ಎಯ್ ಆಗಿತ್ತು, ಐ ಇನ್ನೂ ಆಗಿರಲಿಲ್ಲ. ಅವರ್ ಎಂಬುದನ್ನು ಓ-ಡಬ್ಲ್ಯು-ಆರ್ ಎಂದು ಬರೆದಿದ್ದಾನೆ, ಊ ಕೂಡ ಒಡೆದಿತ್ತು. ಲೀಡಿಂಗ್ ಎಂಬುದರಲ್ಲಿ ಬರೀ ಇ ಅಕ್ಷರ ಹಾಕಿದ್ದಾನೆ, ವೆಲ್ಷ್‌ನಲ್ಲಿ ಅದು ಏಕಾರ, ಈಕಾರವಲ್ಲ. ಲೇಡಿ ಎಂಬುದು ಎಲ್-ಎ-ಡಿ-ಐ. ವೆಲ್ಷ್ ಓದಿನಲ್ಲಿ ಅದು ನಮ್ಮ ಪೈಜಾಮದ ಲಾಡಿಯೇ. ಆ ಇನ್ನೂ ಅಲುಗಾಡಿರಲಿಲ್ಲ. ಮೇಲಿನ ಎರಡು ಹಂತ ಸರಿದಿವೆ, ಕೆಳಗಿನವು ಕೂತೇ ಇವೆ. ಲೂಯಿಕ್ ಹೇಳುವ ಕ್ರಮಕ್ಕೆ ಇದು ಹೊಂದುತ್ತದೆ.

ನೂರು ವರ್ಷ ದಾಟಿ 1569ಕ್ಕೆ ಬಂದರೆ ಜಾನ್ ಹಾರ್ಟ್ ಎಂಬ ಸರಕಾರಿ ಅಧಿಕಾರಿ ಸಿಗುತ್ತಾನೆ. ಕುಲೀನ ಮನೆತನಗಳ ಲಾಂಛನಗಳನ್ನು ನೋಡಿಕೊಳ್ಳುವುದು ಅವನ ಕೆಲಸ, ಇಂಗ್ಲಿಷ್ ಸ್ಪೆಲಿಂಗನ್ನು ಬೈಯುವುದು ಅವನ ಹವ್ಯಾಸ. ಬರಹ ಮಾತಿನಂತಿರಬೇಕು ಎಂದು ವಾದಿಸಿ ಅವನು ಹೊಸ ಅಕ್ಷರಗಳನ್ನೇ ಮಾಡಿ ಪುಸ್ತಕ ಅಚ್ಚು ಹಾಕಿಸಿದ. ಸುಧಾರಣೆ ಬಿದ್ದುಹೋಯಿತು, ಆದರೆ ಅವನ ಕಾಲದ ಉಚ್ಚಾರ ನಮಗೆ ಸಿಕ್ಕಿತು. ಹಾರ್ಟ್‌ನ ಬಾಯಲ್ಲಿ ಭೇಟಿಯ ಮೀಟ್, ಬೂಟ್ ಈಗಿನಂತೆಯೇ ಇವೆ. ಟೈಮ್ ಇನ್ನೂ ಟೆಯ್ಮ್. ನೇಮ್ ಇನ್ನೂ ನಾಮ್, ಅಥವಾ ಅದಕ್ಕೆ ತೀರ ಹತ್ತಿರ. ಅದು ನ್ಯಾಮ್ ಆಗಿ ನೇಮ್ ತಲುಪುವುದು ಮುಂದಿನ ಶತಮಾನದಲ್ಲಿ. ಶೇಕ್ಸ್‌ಪಿಯರ್ ಹುಟ್ಟಿದ್ದು 1564ರಲ್ಲಿ, ಸ್ವರಗಳು ಹೀಗೆ ದಾರಿಯಲ್ಲಿರುವಾಗಲೇ ಬರೆದವನು. ಅವನ ನಾಟಕಗಳನ್ನು ಹಳೆಯ ಉಚ್ಚಾರದಲ್ಲಿ ಆಡುವ ತಂಡಗಳ ಮಾತು ಇವತ್ತಿನ ಲಂಡನ್ನಿಗನಿಗೆ ಹಳ್ಳಿಯ ಮಾತಿನಂತೆ ಕೇಳುವುದು ಸಹಜ. ಇಂಗ್ಲೆಂಡಿನಲ್ಲಿ ನೇಮ್‌ನ ಏಕಾರ ಮುಂದೆ ಇನ್ನೂ ಬದಲಾಗಿ ಎಯ್ ಆಯಿತು. ಕನ್ನಡಿಗರು ಹೇಳುವ ಅಚ್ಚ ದೀರ್ಘ ನೇಮ್ ಈಗಿನ ಲಂಡನ್ನಿಗಿಂತ 1700ರ ಲಂಡನ್ನಿಗೆ ಹತ್ತಿರ. ನಾವೇನೂ ಹಳೆಯದನ್ನು ಕಾಪಾಡಿಕೊಂಡು ಬಂದದ್ದಲ್ಲ. ನಮ್ಮ ಭಾಷೆಯಲ್ಲಿ ಏ ಇದೆ, ಅದನ್ನೇ ಹಾಕಿಕೊಂಡೆವು.

ಗೊಂದಲ ಹೆಚ್ಚಿರುವುದು ಇ-ಎ ಜೋಡಿಯಲ್ಲಿ. ಪ್ಯಾಟೆಯ ಸ್ವರವಿದ್ದ ಮಾಂಸದ ಮೀಟ್ ಮೊದಲು ಒಂದು ಹಂತ ಏರಿ ಮೇಟ್ ಆಯಿತು. ಅಷ್ಟರಲ್ಲಿ ಭೇಟಿಯ ಮೀಟ್ ಆಗಲೇ ಈಕಾರದಲ್ಲಿತ್ತು, ಹಾಗಾಗಿ ಎರಡೂ ಬೇರೆಯಾಗಿಯೇ ಉಳಿದವು. ಇ-ಎ ಮತ್ತು ಓ-ಎ ಸ್ಪೆಲಿಂಗುಗಳು ಗಟ್ಟಿಯಾದದ್ದು 16ನೇ ಶತಮಾನದಲ್ಲಿ, ಕಿವಿಗೆ ಕೇಳುತ್ತಿದ್ದ ಈ ವ್ಯತ್ಯಾಸವನ್ನು ಕಾಗದದ ಮೇಲೂ ತೋರಿಸಲೆಂದು. ಆಮೇಲೆ, 1700ರ ಆಸುಪಾಸಿನಲ್ಲಿ, ಮಾಂಸದ ಮೀಟ್ ಇನ್ನೊಂದು ಹಂತ ಏರಿ ಭೇಟಿಯ ಮೀಟ್ ಜೊತೆ ಒಂದಾಗಿಬಿಟ್ಟಿತು. ಸಮುದ್ರದ ಸೀ, ನೋಡುವ ಸೀ ಎರಡೂ ಒಂದೇ ಆದದ್ದು ಹೀಗೆ. ವ್ಯತ್ಯಾಸ ಹೋಯಿತು, ವ್ಯತ್ಯಾಸಕ್ಕೆಂದೇ ಮಾಡಿದ ಸ್ಪೆಲಿಂಗು ಉಳಿಯಿತು.

ಈ ಕೊನೆಯ ಏರಿಕೆ ಎಲ್ಲರ ಬಾಯಲ್ಲಿ ಒಂದೇ ದಿನ ಆಗಲಿಲ್ಲ. ನಾವು ದಿನವೂ ಕುಡಿಯುವ ಟೀ ಇದಕ್ಕೆ ಸಾಕ್ಷಿ. ಇಂಗ್ಲೆಂಡಿಗೆ ಆ ಪದ ಬಂದಾಗ ಅದನ್ನು ಟೇ ಎನ್ನುತ್ತಿದ್ದರು, ಅದಕ್ಕೇ ಟಿ-ಇ-ಎ ಎಂದು ಬರೆದರು. 1714ರಲ್ಲಿ ವಿಸ್ತರಿಸಿ ಪ್ರಕಟಿಸಿದ ತನ್ನ ಹಾಸ್ಯಕಾವ್ಯದಲ್ಲಿ ಅಲೆಕ್ಸಾಂಡರ್ ಪೋಪ್ ಅದನ್ನು ಒಬೇ ಎಂಬ ಪದಕ್ಕೆ ಪ್ರಾಸ ಕೂಡಿಸಿದ್ದಾನೆ. ಐರ್ಲೆಂಡಿನ ಹಳಬರಲ್ಲಿ ಟೇ ಬಹಳ ಕಾಲ ಉಳಿಯಿತು. ಗ್ರೇಟ್, ಬ್ರೇಕ್, ಸ್ಟೇಕ್ ಎಂಬ ಮೂರು ಪದಗಳು ಏರದೆ ಇವತ್ತಿಗೂ ಏಕಾರದಲ್ಲೇ ನಿಂತಿವೆ. ಗ್ರೇಟ್ ಕತೆಯಂತೂ ತಮಾಷೆಯದು. 1755ರಲ್ಲಿ ನಿಘಂಟು ಪ್ರಕಟಿಸಿದ ಸ್ಯಾಮ್ಯುಯೆಲ್ ಜಾನ್ಸನ್ ಅದರಲ್ಲಿ ಉಚ್ಚಾರವನ್ನು ಯಾಕೆ ಪೂರ್ತಿಯಾಗಿ ಕೊಡಲಿಲ್ಲ ಎಂಬುದಕ್ಕೆ ತನ್ನ ಮಿತ್ರ ಬಾಸ್ವೆಲ್‌ಗೆ ಹೇಳಿದ ಕಾರಣ ಇದು. ನಿಘಂಟಿನ ಯೋಜನೆ ಪ್ರಕಟಿಸಿದಾಗ ಲಾರ್ಡ್ ಚೆಸ್ಟರ್‌ಫೀಲ್ಡ್ ಆ ಪದ ಸ್ಟೇಟ್ ಎಂಬುದಕ್ಕೆ ಪ್ರಾಸವಾಗಬೇಕು ಎಂದ. ಸರ್ ವಿಲಿಯಂ ಯಂಗ್ ಸೀಟ್ ಎಂಬುದಕ್ಕೆ ಪ್ರಾಸವಾಗಬೇಕು, ಗ್ರೇಟ್ ಎನ್ನುವವನು ಐರಿಷ್ ಮನುಷ್ಯನೇ ಇರಬೇಕು ಎಂದು ಹೇಳಿ ಕಳಿಸಿದ. ಒಬ್ಬ ಮೇಲ್ಮನೆಯ ಅತ್ಯುತ್ತಮ ವಾಗ್ಮಿ, ಇನ್ನೊಬ್ಬ ಕೆಳಮನೆಯ ಅತ್ಯುತ್ತಮ ವಾಗ್ಮಿ. ನಿಘಂಟುಕಾರ ಯಾರ ಮಾತು ಕೇಳಬೇಕು? ಕೊನೆಗೆ ಗೆದ್ದದ್ದು ಚೆಸ್ಟರ್‌ಫೀಲ್ಡ್.

ಮೇಷ್ಟರುಗಳನ್ನು ಇನ್ನೂ ಹೆಚ್ಚು ಕಾಡುವುದು ಎರಡು ಓ. ಫುಡ್, ಗುಡ್, ಬ್ಲಡ್ ಮೂರರಲ್ಲೂ ಓ-ಓ-ಡಿ ಇದೆ, ಇಂಗ್ಲೆಂಡಿನವನ ಬಾಯಲ್ಲಿ ಮೂರಕ್ಕೂ ಬೇರೆ ಬೇರೆ ಸ್ವರ. ಮೊದಲನೆಯದು ದೀರ್ಘ, ಅವನು ಹೇಳುವುದು ಫೂಡ್ ಎಂದು. ಮೂರೂ ಒಂದೇ ಕಡೆಯಿಂದ ಹೊರಟವು. ಚಾಸರ್ ಕವಿಯ ಕಾಲದಲ್ಲಿ ಇವುಗಳ ಸ್ವರ ಕೋಟೆಯ ಓ, ಗೋಡ್, ಬ್ಲೋಡ್ ಎಂಬಂತೆ. ಪಲ್ಲಟದಲ್ಲಿ ಮೂರೂ ಒಟ್ಟಿಗೇ ಏರಿ ಫೂಡ್, ಗೂಡ್, ಬ್ಲೂಡ್ ಆದವು. ಇಲ್ಲಿಂದ ದಾರಿ ಕವಲೊಡೆಯಿತು. ಬ್ಲೂಡ್ ಬೇಗನೇ ಕುಗ್ಗಿ ಬ್ಲುಡ್ ಆಯಿತು. ಆ ಹೊತ್ತಿಗೆ ಕಟ್, ಬಟ್, ಸನ್ ಮುಂತಾದ ಪದಗಳಲ್ಲೂ ಉ ಎಂಬ ಹ್ರಸ್ವವೇ ಇತ್ತು, ಸ್ಪೆಲಿಂಗಿನಲ್ಲಿ ಅವುಗಳಿಗೆ ಯು ಇರುವುದು ಅದಕ್ಕೇ. 17ನೇ ಶತಮಾನದಲ್ಲಿ ದಕ್ಷಿಣ ಇಂಗ್ಲೆಂಡಿನಲ್ಲಿ ಆ ಹ್ರಸ್ವ ಉಕಾರಗಳು ಅಕಾರದ ಕಡೆಗೆ ಹೊರಳಿದಾಗ ಬ್ಲುಡ್ ಕೂಡ ಜೊತೆ ಸೇರಿ ಬ್ಲಡ್ ಆಯಿತು. ಗೂಡ್ ಕುಗ್ಗಿದ್ದು ತಡವಾಗಿ. ಅದು ಗುಡ್ ಆಗುವಷ್ಟರಲ್ಲಿ ಅಕಾರಕ್ಕೆ ಹೋಗುವ ಗಾಡಿ ಹೊರಟುಹೋಗಿತ್ತು. ಫೂಡ್ ಕುಗ್ಗಲೇ ಇಲ್ಲ. ಯಾವ ಪದ ಯಾವಾಗ ಕುಗ್ಗಿತು ಎಂಬುದಕ್ಕೆ ನಿಯಮವಿಲ್ಲ, ಅದಕ್ಕೇ ಇವುಗಳನ್ನು ಬಾಯಿಪಾಠ ಮಾಡದೆ ಬೇರೆ ದಾರಿಯಿಲ್ಲ.

ಮೊದಲೇ ಹ್ರಸ್ವವಾಗಿದ್ದ ಸ್ವರಗಳಿಗೆ ಪಲ್ಲಟ ತಟ್ಟಲೇ ಇಲ್ಲ. ಚೈಲ್ಡ್ ಎಂಬುದು ಬಹುವಚನದಲ್ಲಿ ಚಿಲ್ಡ್ರನ್ ಆಗುವುದು ಇದರಿಂದ. ಒಂದರಲ್ಲಿ ಈ ದೀರ್ಘವಾಗಿತ್ತು, ಒಡೆದು ಐ ಆಯಿತು. ಇನ್ನೊಂದರಲ್ಲಿ ಮೂರು ವ್ಯಂಜನಗಳ ಒತ್ತಿಗೆ ಆಗಲೇ ಇ ಎಂದು ಹ್ರಸ್ವವಾಗಿತ್ತು, ಹಾಗೇ ಉಳಿಯಿತು. ವೈಸ್ ಮತ್ತು ವಿಸ್ಡಮ್, ಡಿವೈನ್ ಮತ್ತು ಡಿವಿನಿಟಿ ಇವೂ ಇಂಥವೇ. ಕಿವಿಗೆ ಐ ಮತ್ತು ಇ ಸಂಬಂಧವೇ ಇಲ್ಲದ ಸ್ವರಗಳು, ಕಣ್ಣಿಗೆ ಎರಡೂ ಕಡೆ ಒಂದೇ ಅಕ್ಷರ. ಉಚ್ಚಾರದಂತೆ ಬರೆಯಹೊರಟರೆ ತಾಯಿ ಪದ ಮತ್ತು ಮಗಳು ಪದ ಬೇರೆ ಬೇರೆ ಮನೆಯವರಂತೆ ಕಾಣುತ್ತವೆ. ಹಾರ್ಟ್ ಈ ನಷ್ಟವನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಬಾಯಿ ಹೀಗೆ ಓಡುತ್ತಿರುವಾಗ ಬರಹ ಯಾಕೆ ಹಿಂದೆ ಓಡಲಿಲ್ಲ? ದೊರೆ ಐದನೆಯ ಹೆನ್ರಿ 1417ರಿಂದ ತನ್ನ ಪತ್ರಗಳನ್ನು ಇಂಗ್ಲಿಷಿನಲ್ಲಿ ಬರೆಸತೊಡಗಿದ. ಸರಕಾರಿ ಗುಮಾಸ್ತರ ಕೈಯಲ್ಲಿ ಪದಗಳಿಗೆ ಒಂದು ರೂಢಿಯ ರೂಪ ಬಂತು. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಇಂಗ್ಲೆಂಡಿನ ಮೊದಲ ಮುದ್ರಣಾಲಯ ತೆರೆದ. ಮುದ್ರಕರು ಎತ್ತಿಕೊಂಡದ್ದು ರೂಢಿಯಲ್ಲಿದ್ದ ಈ ರೂಪಗಳನ್ನೇ, ಅವುಗಳ ಹಿಂದಿದ್ದದ್ದು ಪಲ್ಲಟಕ್ಕೆ ಮುಂಚಿನ ಸ್ವರಗಳು. ಮುದ್ರಕರು ಸೋಮಾರಿಗಳು ಎಂದು ಬೈಯುವುದು ಸುಲಭ. ಆದರೆ ಒಂದು ಪುಸ್ತಕವನ್ನು ಲಂಡನ್ನಿನಲ್ಲೂ ಯಾರ್ಕಿನಲ್ಲೂ ಮಾರಬೇಕಾದವನು ಯಾರ ಬಾಯಿಯಂತೆ ಅಚ್ಚು ಜೋಡಿಸಬೇಕು? ಒಂದೇ ಊರಿನಲ್ಲಿ ಅಜ್ಜ ನಾಮ್, ಮೊಮ್ಮಗ ನೇಮ್ ಎನ್ನುತ್ತಿದ್ದ ಕಾಲ. ಯಾರ ಉಚ್ಚಾರಕ್ಕೂ ಪೂರ್ತಿ ಹೊಂದದ, ಎಲ್ಲರೂ ತಮ್ಮ ಸ್ವರ ಹಾಕಿ ಓದಿಕೊಳ್ಳಬಹುದಾದ ಹಳೆಯ ರೂಪವೇ ಅನುಕೂಲವಾಗಿತ್ತು. ಪಲ್ಲಟ ಮುಗಿಯುವ ಹೊತ್ತಿಗೆ ಸ್ಪೆಲಿಂಗು ಒಣಗಿ ಗಟ್ಟಿಯಾಗಿತ್ತು, ಜಾನ್ಸನ್ ನಿಘಂಟು ಅದಕ್ಕೆ ಮುದ್ರೆ ಒತ್ತಿತು.

ಮೌಸ್‌ನ ಓ-ಯು ಕೂಡ ಅಂಥ ಹಳೆಯ ರೂಪ. ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಅಭ್ಯಾಸದ ಲಿಪಿಕಾರರು ಊ ಎಂಬುದನ್ನು ಓ-ಯು ಎಂದು ಬರೆದರು. ಫ್ರೆಂಚಿನಲ್ಲಿ ಅದು ಈಗಲೂ ಊ. 17ನೇ ಶತಮಾನದಲ್ಲಿ ಫ್ರೆಂಚಿನಿಂದ ಬಂದ ಸೂಪ್, ಗ್ರೂಪ್ ಇಂಗ್ಲಿಷಿನಲ್ಲೂ ಊಕಾರದಲ್ಲೇ ಇವೆ, ಏಕೆಂದರೆ ಅವು ಬರುವಷ್ಟರಲ್ಲಿ ಊ ಔ ಆಗುವ ಕಾಲ ಮುಗಿದಿತ್ತು. ಟೇಬಲ್ ಬೇಗ ಬಂತು, ಅದರ ಆ ಏ ಆಯಿತು. ಗರಾಜ್ ಬಂದದ್ದು 20ನೇ ಶತಮಾನದಲ್ಲಿ, ಅದರ ಆ ಹಾಗೇ ಇದೆ. ಸ್ವರ ನೋಡಿ ಪದ ಇಂಗ್ಲಿಷಿಗೆ ಬಂದ ಕಾಲವನ್ನು ಅಂದಾಜು ಮಾಡಬಹುದು.

ಪಲ್ಲಟ ಮುಗಿದ ಮೇಲೆ ಇಂಗ್ಲಿಷಿನವರು ಇಲ್ಲಿಗೆ ಬಂದು ನಮ್ಮ ಹೆಸರುಗಳನ್ನು ತಮ್ಮ ಕಿವಿಗೆ ಕೇಳಿದಂತೆ ಬರೆದರು. ಐ ಎಂದು ಕೇಳಿದರೆ ಅವರ ಕೈ ವೈ ಬರೆಯಿತು, ಊ ಕೇಳಿದರೆ ಎರಡು ಓ. 18ನೇ ಶತಮಾನದ ಕಂಪನಿ ಕಾಗದಗಳಲ್ಲಿ ಹೈದರನ ಹೆಸರು ಎಚ್-ವೈ ಎಂದು ಶುರುವಾಗುತ್ತದೆ, ಟಿಪ್ಪುವಿನದು ಎರಡು ಓಗಳಲ್ಲಿ ಮುಗಿಯುತ್ತದೆ. ಚಾಸರ್ ಕಾಲದ ಇಂಗ್ಲಿಷಿನವನು ಆ ಬರಹ ಓದಿದ್ದರೆ ಹೀದರ್, ಟಿಪ್ಪೋ ಎನ್ನುತ್ತಿದ್ದ. ಕಲ್ಕತ್ತೆಯಲ್ಲಿ ನ್ಯಾಯಾಧೀಶನಾಗಿದ್ದ ವಿಲಿಯಂ ಜೋನ್ಸ್ 1788ರಲ್ಲಿ ಈ ಪದ್ಧತಿ ನಂಬುವಂಥದ್ದಲ್ಲ ಎಂದು ಬೇರೆ ದಾರಿ ಸೂಚಿಸಿದ. ಏಷ್ಯಾದ ಪದಗಳನ್ನು ಬರೆಯುವಾಗ ವ್ಯಂಜನಗಳನ್ನು ಇಂಗ್ಲಿಷಿನಂತೆಯೂ ಸ್ವರಗಳನ್ನು ಇಟಾಲಿಯನ್ನಿನಂತೆಯೂ ಇಟ್ಟುಕೊಳ್ಳಬೇಕು ಎಂಬುದು ಅದರ ಸಾರ. ಅಂದರೆ ಎ ಎಂದರೆ ಆ, ಯು ಎಂದರೆ ಉ. 19ನೇ ಶತಮಾನದ ಕೊನೆಗೆ ಸರಕಾರವೂ ಆ ಕಡೆಗೆ ತಿರುಗಿತು, ಎರಡೆರಡು ಓ ಹೊತ್ತಿದ್ದ ತುಮಕೂರು ಎರಡು ಯುಗಳಿಗೆ ಇಳಿಯಿತು. ಮೈಸೂರು ಮಾತ್ರ ವೈ ಬಿಡಲಿಲ್ಲ.

2014ರ ನವೆಂಬರ್ 1ರಂದು ಆ ಊರಿನ ಇಂಗ್ಲಿಷ್ ಹೆಸರು ಎಂ-ವೈ-ಎಸ್-ಯು-ಆರ್-ಯು ಆಯಿತು. ಹೊಸ ಫಲಕದ ಎರಡು ಯುಗಳನ್ನು ಜೋನ್ಸ್ ಹೇಳಿದಂತೆ, ಇಟಾಲಿಯನ್ ಲೆಕ್ಕದಲ್ಲಿ, ಊ ಮತ್ತು ಉ ಎಂದು ಓದಬೇಕು. ವೈ ಅಕ್ಷರವನ್ನು ಇಂಗ್ಲಿಷಿನಂತೆ, ಅದೂ ಪಲ್ಲಟ ಮುಗಿದ ಮೇಲಿನ ಇಂಗ್ಲಿಷಿನಂತೆ, ಐ ಎಂದು ಓದಬೇಕು. ಪೂರ್ತಿ ಇಂಗ್ಲಿಷ್ ಲೆಕ್ಕದಲ್ಲೇ ಓದಿದವನ ಬಾಯಲ್ಲಿ ಅದು ಮೈಸ್ಯೂರ್ಯೂ ಆದರೂ ಆದೀತು, ಪೂರ್ತಿ ಇಟಾಲಿಯನ್ ಲೆಕ್ಕದಲ್ಲಿ ಓದಿದರೆ ಮೀಸೂರು.